ನಾಳೆ ಹನ್ನೊಂದು: ಗಡುವಿನ ಮುನ್ನಾದಿನ ಸಹೋದ್ಯೋಗಿಯ ನೆರವು ಕೇಳುವ ಬಗೆ

ಪ್ರತಿ ತಿಂಗಳ 10ನೇ ತಾರೀಖಿನ ಮಧ್ಯಾಹ್ನ ಸಣ್ಣ ಕಾರ್ಖಾನೆಗಳ, ಸಗಟು ಅಂಗಡಿಗಳ ಅಕೌಂಟ್ಸ್ ವಿಭಾಗಕ್ಕೆ ಹೋದರೆ ಒಂದೇ ಬಗೆಯ ಧಾವಂತ ಕಾಣಿಸುತ್ತದೆ. ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿಎಸ್‌ಟಿಆರ್-1 ಎಂಬ ನಮೂನೆಯಲ್ಲಿ 11ರೊಳಗೆ ಸಲ್ಲಿಸಬೇಕು. ಬಿಲ್ಲುಗಳೆಲ್ಲ ಎಂಟ್ರಿ ಆಗಿರುವುದಿಲ್ಲ. ಪಕ್ಕದ ಮೇಜಿನಲ್ಲಿ ಕೂತವರು ಒಂದೆರಡು ಗಂಟೆ ಕೈಜೋಡಿಸಿದರೆ ಕೆಲಸ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಆದರೂ ಬಾಯಿ ತೆರೆಯಲು ಸಂಕೋಚ. ತೆರೆದಾಗ ಬರುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ತುಂಬಾ ಅರ್ಜೆಂಟ್ ಇದೆ, ಸ್ವಲ್ಪ ಹೆಲ್ಪ್ ಮಾಡ್ತೀರಾ?”

ಈ ಮಾತಿನಲ್ಲಿ ಕೇಳಿಸಿಕೊಂಡವರಿಗೆ ಬೇಕಾದ ಯಾವ ಸಂಗತಿಯೂ ಇಲ್ಲ. ಎಷ್ಟು ಹೊತ್ತಿನ ಕೆಲಸ? ಯಾವ ಕೆಲಸ? ಆಗದಿದ್ದರೆ ಯಾರಿಗೆ ಏನು ತೊಂದರೆ? ತನ್ನ ಕೆಲಸ ಬಿಟ್ಟು ಬಂದರೆ ಅದನ್ನು ಯಾರು ಮಾಡುತ್ತಾರೆ? ಇಷ್ಟೂ ತಿಳಿಯದೆ ‘ಹೂಂ’ ಎನ್ನುವುದು ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆ. ಹಾಗಾಗಿ ಒಳ್ಳೆಯವರು ಕೂಡ “ನೋಡೋಣ, ನನ್ನದೂ ಇದೆ” ಎಂದು ಜಾರಿಕೊಳ್ಳುತ್ತಾರೆ. ಅವರಿಗೆ ಮನಸ್ಸಿಲ್ಲವೆಂದು ಕೇಳಿದವರು ಅಂದುಕೊಳ್ಳುತ್ತಾರೆ. ನಿಜವಾಗಿ ಕೊರತೆ ಇದ್ದದ್ದು ಕೇಳಿದ ರೀತಿಯಲ್ಲಿ.

ಒಂದು ಉದಾಹರಣೆಯನ್ನೇ ಉದ್ದಕ್ಕೂ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕವಿದೆ ಎಂದಿಟ್ಟುಕೊಳ್ಳಿ. ಒಬ್ಬರೇ ಮಾಲೀಕರು, ವರ್ಷದ ವಹಿವಾಟು ಸುಮಾರು 3 ಕೋಟಿ ರೂಪಾಯಿ. 5 ಕೋಟಿ ದಾಟದ ಕಾರಣ ಇ-ಇನ್‌ವಾಯ್ಸ್ ಕಡ್ಡಾಯವಿಲ್ಲ. ಅದಿದ್ದರೆ ಬಿಲ್ಲುಗಳು ತಾವಾಗಿಯೇ ಜಿಎಸ್‌ಟಿಆರ್-1ಕ್ಕೆ ಬಂದು ಕೂರುತ್ತಿದ್ದವು, ಇಲ್ಲಿ ಕೈಯಿಂದ ಎಂಟ್ರಿ ಮಾಡಬೇಕು. ಮಾರಾಟದ ಲೆಕ್ಕ ನೋಡುವ ಹುಡುಗ ರವಿ. ಸಂಬಳ, ಪಿಎಫ್, ಇಎಸ್ಐ ನೋಡಿಕೊಳ್ಳುವವರು ಅವನಿಗಿಂತ ಹಿರಿಯರಾದ ಮಂಜುಳಾ. 10ನೇ ತಾರೀಖು ಮಧ್ಯಾಹ್ನ 3 ಗಂಟೆ. ಎರಡನೇ ಶೆಡ್ಡಿನಿಂದ ಕಳೆದ ತಿಂಗಳ ಕೊನೆಯ ವಾರದ ಬಿಲ್ಲುಗಳು ಈಗಷ್ಟೇ ಬಂದಿವೆ. ಒಟ್ಟು 60.

ಕೇಳುವ ಮೊದಲು ಮುಕ್ಕಾಲು ಗಂಟೆ

ರವಿ ಈಗ ನೇರವಾಗಿ ಮಂಜುಳಾ ಅವರ ಮೇಜಿಗೆ ಹೋಗಬಾರದು. ಮೊದಲು ಹತ್ತು ಬಿಲ್ ತಾನೇ ಎಂಟ್ರಿ ಮಾಡಿ ಗಡಿಯಾರ ನೋಡಬೇಕು. 40 ನಿಮಿಷ ಹಿಡಿಯಿತು ಎಂದುಕೊಳ್ಳೋಣ, ಅಂದರೆ ಬಿಲ್ಲೊಂದಕ್ಕೆ 4 ನಿಮಿಷ. ಡೆಲಿವರಿ ಚಲನ್ ಹುಡುಕುವುದು, ಅಳಿಸಿಹೋದ ಅಕ್ಷರ ಓದುವುದು ಎಲ್ಲ ಸೇರಿದ ಲೆಕ್ಕ ಇದು. ಮನಸ್ಸಿನ ಅಂದಾಜಿನಲ್ಲಿ ಇದು ಯಾವಾಗಲೂ ಎರಡು ನಿಮಿಷದ ಕೆಲಸವಾಗಿಯೇ ಕಾಣುತ್ತದೆ. ಅದನ್ನು ನಂಬಿ “ಅರ್ಧ ಗಂಟೆ ಕೆಲಸ” ಎಂದು ಕರೆದುಕೊಂಡು ಬಂದು ಒಂದೂಮುಕ್ಕಾಲು ಗಂಟೆ ಕೂರಿಸಿದರೆ, ಮುಂದಿನ ಸಲ ಆ ಬಾಗಿಲು ತೆರೆಯುವುದಿಲ್ಲ.

60 ಬಿಲ್ಲಿಗೆ 4 ಗಂಟೆ. ಮಾಲು ವಾಪಸಾದದ್ದಕ್ಕೆ, ದರ ವ್ಯತ್ಯಾಸಕ್ಕೆ ಬರೆದ ಕ್ರೆಡಿಟ್ ನೋಟುಗಳನ್ನು ಸೇರಿಸಲು 1 ಗಂಟೆ. ಮೊದಲೇ ಎಂಟ್ರಿಯಾಗಿರುವ ಬಿಲ್ಲುಗಳನ್ನು ತಾಳೆ ನೋಡಲು 1 ಗಂಟೆ. ಪೋರ್ಟಲ್‌ಗೆ ಹಾಕಿ, ಸಾರಾಂಶ ಪರಿಶೀಲಿಸಿ ಸಲ್ಲಿಸಲು ಇನ್ನೊಂದು. ಒಟ್ಟು 7 ಗಂಟೆ. ಇರುವ ಸಮಯ ಎಷ್ಟು? 11ರ ರಾತ್ರಿಯವರೆಗೂ ಕಾನೂನಿನ ಗಡುವು ಇದೆ, ನಿಜ. ಆದರೆ ಕೊನೆಯ ದಿನ ಸಂಜೆ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಪೋರ್ಟಲ್ ನಿಧಾನವಾಗುವುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಮೇಲಾಗಿ ಸಲ್ಲಿಸುವಾಗ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ, ಅವರು ನಾಳೆ ಮಧ್ಯಾಹ್ನದ ಮೇಲೆ ಊರಿಗೆ ಹೊರಟಿದ್ದಾರೆ. ಆದ್ದರಿಂದ ರವಿಯ ನಿಜವಾದ ಗಡುವು ನಾಳೆ ಮಧ್ಯಾಹ್ನ 12.30. ಇವತ್ತು ಎರಡೂವರೆ, ನಾಳೆ ಮೂರು, ಒಟ್ಟು ಐದೂವರೆ ಗಂಟೆ ಅವನ ಕೈಯಲ್ಲಿವೆ. ಕಡಿಮೆ ಬೀಳುವುದು ಒಂದೂವರೆ ಗಂಟೆ.

ಈಗ ಕೇಳಬೇಕಾದ್ದು ಎಷ್ಟೆಂದು ಗೊತ್ತಾಯಿತು. ಅಷ್ಟನ್ನೇ ಕೇಳಬೇಕು. “ಎಲ್ಲ ಸೇರಿ ಮಾಡೋಣ” ಎನ್ನುವುದು ಬೇಡ.

ಯಾವ ಭಾಗ ಕೊಡಬೇಕು ಎಂಬುದು ಮುಂದಿನ ಪ್ರಶ್ನೆ, ಬಹಳ ಜನ ಎಡವುವುದು ಇಲ್ಲೇ. ತಮಗೆ ಕಷ್ಟವೆನಿಸಿದ್ದನ್ನು ಬೇರೆಯವರ ಕೈಗೆ ದಾಟಿಸಿಬಿಡುತ್ತಾರೆ. ಕ್ರೆಡಿಟ್ ನೋಟು ಮಂಜುಳಾ ಅವರಿಗೆ ಕೊಟ್ಟರೆ ಪ್ರತಿ ಐದು ನಿಮಿಷಕ್ಕೆ “ಇದು ಯಾವ ಬಿಲ್ಲಿಗೆ ಬರುತ್ತೆ?” ಎಂದು ಕೇಳಬೇಕಾಗುತ್ತದೆ, ಇಬ್ಬರ ಸಮಯವೂ ಹಾಳು. ಕೊಡಬೇಕಾದ್ದು ನಿರ್ಧಾರ ಬೇಡದ, ಒಂದೇ ಥರದ, ತಾನೇ ಪೂರ್ತಿಯಾಗಿ ನಿಲ್ಲುವ ತುಂಡು. ರವಿಯ 60 ಬಿಲ್ಲುಗಳಲ್ಲಿ 25 ಹೊಸೂರಿನ ಒಂದೇ ಕಂಪನಿಗೆ ಹೋದವು. ಒಂದೇ ಜಿಎಸ್‌ಟಿಐಎನ್, ಮೂರೇ ಮೂರು ಬಗೆಯ ಮಾಲು, ಶೇ. 18ರ ದರ. ತಮಿಳುನಾಡಿಗೆ ಹೋಗುವ ಮಾಲಾದ್ದರಿಂದ ಎಲ್ಲಕ್ಕೂ ಐಜಿಎಸ್‌ಟಿ, ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಎಂದು ಯೋಚಿಸುವ ಗೋಜಿಲ್ಲ. 25ಕ್ಕೆ ತಲಾ 4 ನಿಮಿಷ ಹಿಡಿದರೆ 100 ನಿಮಿಷ. ಬೇಕಾಗಿದ್ದ ಒಂದೂವರೆ ಗಂಟೆ ಇಲ್ಲಿ ಸಿಕ್ಕಿತು. ಗಿರಾಕಿಗೊಂದು ರೀತಿ ಇರುವ ಉಳಿದ ಬಿಲ್ಲುಗಳು, ಕ್ರೆಡಿಟ್ ನೋಟುಗಳು, ಕೊನೆಯ ಪರಿಶೀಲನೆ ರವಿಯ ಹತ್ತಿರವೇ ಇರಬೇಕು. ಪೋರ್ಟಲ್‌ನ ಪಾಸ್‌ವರ್ಡ್ ಅಂತೂ ಎಷ್ಟೇ ತುರ್ತಿದ್ದರೂ ಕೈ ಬದಲಾಗಬಾರದು.

ಕೇಳುವ ಮೊದಲು ನೋಡಿಕೊಳ್ಳಬೇಕಾದ ಇನ್ನೊಂದು ವಿಷಯವಿದೆ. ಟ್ಯಾಲಿಯ ಸಿಲ್ವರ್ ಲೈಸೆನ್ಸ್ ಒಂದೇ ಕಂಪ್ಯೂಟರಿನಲ್ಲಿ ಬಳಸುವಂಥದ್ದು, ಹಲವರು ಒಟ್ಟಿಗೆ ಕೆಲಸ ಮಾಡಲು ಗೋಲ್ಡ್ ಬೇಕು. ಸಣ್ಣ ಕಚೇರಿಗಳಲ್ಲಿ ಬಹುಪಾಲು ಸಿಲ್ವರೇ ಇರುತ್ತದೆ. ಇದನ್ನು ಮರೆತು ಮಂಜುಳಾ ಅವರನ್ನು ಒಪ್ಪಿಸಿಬಿಟ್ಟರೆ, ಅವರು ಬಂದು ಕೂತ ಮೇಲೆ ಒಬ್ಬರು ಎಂಟ್ರಿ ಮಾಡುವಾಗ ಇನ್ನೊಬ್ಬರು ಸುಮ್ಮನೆ ನೋಡುತ್ತಿರಬೇಕಾಗುತ್ತದೆ. ಅಂಥ ಕಡೆ ಸಹಾಯಕ್ಕೆ ಬಂದವರು ತಮ್ಮ ಕಂಪ್ಯೂಟರಿನಲ್ಲೇ ಎಕ್ಸೆಲ್ ಹಾಳೆ ತುಂಬಿಸುವುದು ದಾರಿ. ಟ್ಯಾಲಿಪ್ರೈಮ್‌ನ ಈಚಿನ ಆವೃತ್ತಿಗಳು ಎಕ್ಸೆಲ್‌ನಿಂದ ನೇರವಾಗಿ ತೆಗೆದುಕೊಳ್ಳುತ್ತವೆ. ಕಚೇರಿಯಲ್ಲಿರುವ ಆವೃತ್ತಿ ತೆಗೆದುಕೊಳ್ಳುತ್ತದೆಯೇ ಎಂದು ಎರಡು ಬಿಲ್ ಹಾಕಿ ನೋಡಿ, ಆಮೇಲೆ ಎದ್ದು ಹೋಗಬೇಕು.

ಯಾಕೆ ಮುಖ್ಯ ಎಂದು ಹೇಳುವುದು

“ಲೇಟಾದರೆ ದಂಡ ಬೀಳುತ್ತೆ” ಎಂಬುದು ಎಲ್ಲರ ಬಾಯಿಗೆ ಮೊದಲು ಬರುವ ಕಾರಣ. ನನ್ನ ದೃಷ್ಟಿಯಲ್ಲಿ ಇದು ತೀರಾ ದುರ್ಬಲ ಕಾರಣ. ತಡವಾದ ಜಿಎಸ್‌ಟಿಆರ್-1ಕ್ಕೆ ದಿನಕ್ಕೆ 50 ರೂಪಾಯಿ ಶುಲ್ಕ, ಆ ತಿಂಗಳು ಮಾರಾಟವೇ ಇಲ್ಲದಿದ್ದರೆ 20. ಅಕೌಂಟ್ಸ್‌ನಲ್ಲಿ ಕೂತ ಎಲ್ಲರಿಗೂ ಇದು ಗೊತ್ತಿರುತ್ತದೆ. “50 ರೂಪಾಯಿಗಾಗಿ ನನ್ನ ಕೆಲಸ ಬಿಡಬೇಕೇ?” ಎಂದು ಮಂಜುಳಾ ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ಅದರಲ್ಲಿ ತಪ್ಪಿಲ್ಲ.

ನಿಜವಾದ ತೂಕ ಬೇರೆ ಕಡೆ ಇದೆ. ತಿಂಗಳು ತಿಂಗಳು ಸಲ್ಲಿಸುವವರು 11ರ ರಾತ್ರಿಯೊಳಗೆ ತೋರಿಸಿದ ಬಿಲ್ಲುಗಳು ಮಾತ್ರ ಖರೀದಿ ಮಾಡಿದವರ ಜಿಎಸ್‌ಟಿಆರ್-2ಬಿ ಪಟ್ಟಿಗೆ ಆ ತಿಂಗಳ ಲೆಕ್ಕದಲ್ಲಿ ಹೋಗುತ್ತವೆ. ಆ ಪಟ್ಟಿ 14ರಂದು ಸಿದ್ಧವಾಗುತ್ತದೆ. 12ರ ಬೆಳಿಗ್ಗೆ ಸಲ್ಲಿಸಿದರೂ ಅದು ಮುಂದಿನ ತಿಂಗಳ ಪಟ್ಟಿಗೆ ಜಾರುತ್ತದೆ. ಒಂದು ದಿನದ ತಡ ಒಂದು ತಿಂಗಳಾಗುವುದು ಹೀಗೆ. 2022ರ ಜನವರಿಯಿಂದ, ಈ ಪಟ್ಟಿಯಲ್ಲಿ ಕಾಣದ ಬಿಲ್ಲಿನ ತೆರಿಗೆಯನ್ನು ಖರೀದಿದಾರರು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಅಂದರೆ ಅಷ್ಟು ಹಣವನ್ನು ಅವರು 20ನೇ ತಾರೀಖು ಜಿಎಸ್‌ಟಿಆರ್-3ಬಿ ಸಲ್ಲಿಸುವಾಗ ಕೈಯಿಂದ ಕಟ್ಟಬೇಕು.

ಇದನ್ನು ರವಿಯ ಕಟ್ಟಿಗೆ ಅನ್ವಯಿಸಿ. ಹೊಸೂರಿನ 25 ಬಿಲ್ಲುಗಳ ಮಾಲಿನ ಬೆಲೆ 6 ಲಕ್ಷ ರೂಪಾಯಿ. ಶೇ. 18ರಂತೆ ಐಜಿಎಸ್‌ಟಿ 1,08,000. ನಾಳೆ ತೋರಿಸದಿದ್ದರೆ ಅವರು ಈ ತಿಂಗಳು 1,08,000 ರೂಪಾಯಿ ಸ್ವಂತ ಹಣದಿಂದ ಕಟ್ಟಬೇಕಾಗುತ್ತದೆ. ಹಲವು ದೊಡ್ಡ ಕಂಪನಿಗಳು ಇಂಥ ಸಂದರ್ಭದಲ್ಲಿ ತೆರಿಗೆಯ ಭಾಗವನ್ನು ಹಿಡಿದಿಟ್ಟುಕೊಂಡೇ ಬಿಲ್ ಪಾವತಿ ಮಾಡುತ್ತವೆ. ಆ ಹಣ ಬರದಿದ್ದರೆ ಈ ಸಣ್ಣ ಘಟಕದ ಕಬ್ಬಿಣದ ಖರೀದಿಗೆ, ಮುಂದಿನ ಸಂಬಳಕ್ಕೆ ಕೈ ಬಿಗಿಯಾಗುತ್ತದೆ. ಸಂಬಳದ ಲೆಕ್ಕ ನೋಡುವ ಮಂಜುಳಾ ಅವರಿಗೆ ಇದು ಒಂದೇ ವಾಕ್ಯದಲ್ಲಿ ಅರ್ಥವಾಗುತ್ತದೆ. ಕಾರಣ ಹೇಳುವುದೆಂದರೆ ಇಷ್ಟೇ: ಯಾವ ದಿನ ತಪ್ಪಿದರೆ, ಯಾರಿಗೆ, ಎಷ್ಟು. ಗಾಬರಿಯನ್ನು ಅವರಿಗೆ ದಾಟಿಸುವ ಅಗತ್ಯವಿಲ್ಲ, “ಸರ್ ಬೈತಾರೆ” ಎಂಬುದಂತೂ ಬೇಡವೇ ಬೇಡ. ಅದು ರವಿಯ ತೊಂದರೆಯನ್ನು ಹೇಳುತ್ತದೆಯೇ ಹೊರತು ಕೆಲಸದ ಮಹತ್ವವನ್ನು ಹೇಳುವುದಿಲ್ಲ.

ಇದೇ ಲೆಕ್ಕ ಇನ್ನೊಂದು ದಿಕ್ಕಿಗೂ ಹರಿಯುತ್ತದೆ. ಆ ತಿಂಗಳ ಬಿಲ್ಲುಗಳೆಲ್ಲ ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿಗಳಿಗೆ ಕೊಟ್ಟ ಸಣ್ಣ ಬಿಲ್ಲುಗಳಾಗಿದ್ದರೆ, ಅವರು ಯಾರೂ ತೆರಿಗೆ ಕಳೆದುಕೊಳ್ಳಲು ಕಾಯುತ್ತಿಲ್ಲ. ಆಗ ಕಳೆದುಹೋಗುವುದು ನಿಜಕ್ಕೂ ದಿನಕ್ಕೆ 50 ರೂಪಾಯಿ ಮಾತ್ರ. ಅಂಥ ದಿನ ಸಹೋದ್ಯೋಗಿಯನ್ನು ಸಂಜೆ ಕೂರಿಸಿಕೊಳ್ಳುವುದು ಸರಿಯಲ್ಲ. ಮಾಲೀಕರಿಗೆ ತಿಳಿಸಿ, ಮಾರನೆಯ ದಿನ ನೀವೇ ಮುಗಿಸಿ. ತುರ್ತು ಎಂಬ ಮಾತನ್ನು ನಿಜವಾದ ತುರ್ತಿಗೆ ಉಳಿಸಿಕೊಂಡವರ ಮಾತಿಗೇ ಬೆಲೆ.

ಮೇಜಿನ ಹತ್ತಿರ ಹೋಗಿ

ವಾಟ್ಸಾಪ್ ಗ್ರೂಪಿನಲ್ಲಿ “ಯಾರಾದರೂ ಫ್ರೀ ಇದ್ದೀರಾ?” ಎಂದು ಹಾಕಬೇಡಿ. ಹತ್ತು ಜನರಿಗೆ ಕೇಳಿದ್ದು ಯಾರಿಗೂ ಕೇಳಿದಂತಾಗುವುದಿಲ್ಲ, ಪ್ರತಿಯೊಬ್ಬರೂ ಉಳಿದ ಒಂಬತ್ತು ಜನರನ್ನು ನೋಡುತ್ತಾರೆ. ಎದ್ದು ಹೋಗಿ ಒಬ್ಬರನ್ನೇ ಕೇಳಿ. ಎಲ್ಲರೆದುರು, ಮಾಲೀಕರೆದುರು ಕೇಳುವುದೂ ಸಲ್ಲ. ‘ಇಲ್ಲ’ ಎನ್ನಲು ದಾರಿ ಇಲ್ಲದ ಕಡೆ ಸಿಕ್ಕ ‘ಹೂಂ’ಗೆ ಅರ್ಥವಿಲ್ಲ. ಒಪ್ಪಿದವರು ಅರ್ಧ ಮನಸ್ಸಿನಿಂದ ಮಾಡುತ್ತಾರೆ, ತಪ್ಪುಗಳು ನಿಮ್ಮ ಮೇಲೇ ಬರುತ್ತವೆ.

ರವಿಯ ಮಾತು ಹೀಗಿರಬಹುದು:

“ಮೇಡಂ, ಎರಡು ನಿಮಿಷ ಮಾತಾಡಬಹುದಾ? ನಾಳೆ ಹನ್ನೆರಡೂವರೆಯೊಳಗೆ ಜಿಎಸ್‌ಟಿಆರ್-1 ಹಾಕಬೇಕು. ಎರಡನೇ ಶೆಡ್ಡಿನ 60 ಬಿಲ್ ಈಗ ಬಂದ್ವು. ಲೆಕ್ಕ ಹಾಕಿ ನೋಡ್ದೆ, ನನಗೆ ಒಂದೂವರೆ ಗಂಟೆ ಕಡಿಮೆ ಬೀಳ್ತಿದೆ. ಹೊಸೂರಿನವರ 25 ಬಿಲ್ ನೀವು ಎಕ್ಸೆಲ್‌ನಲ್ಲಿ ಎಂಟ್ರಿ ಮಾಡಿ ಕೊಡೋಕಾಗುತ್ತಾ? ಒಂದೂಮುಕ್ಕಾಲು ಗಂಟೆ ಹಿಡಿಯುತ್ತೆ. ನಾಳೆ ತೋರಿಸದಿದ್ರೆ ಅವರಿಗೆ ಒಂದು ಲಕ್ಷದ ಎಂಟು ಸಾವಿರದ ಕ್ರೆಡಿಟ್ ಈ ತಿಂಗಳು ಸಿಗಲ್ಲ, ನಮ್ಮ ಪೇಮೆಂಟ್‌ನಲ್ಲಿ ಹಿಡಿದುಬಿಡ್ತಾರೆ. ನಿಮಗೂ 15ಕ್ಕೆ ಪಿಎಫ್, ಇಎಸ್ಐ ಇದೆ ಅಂತ ಗೊತ್ತು. 13ನೇ ತಾರೀಖು ಎರಡು ಗಂಟೆ ನಿಮ್ಮ ಕೆಲಸಕ್ಕೆ ಕೂರ್ತೀನಿ. ಸಂಬಳದ ಪಟ್ಟಿ ತಾಳೆ ನೋಡಿಕೊಡ್ಲಾ?”

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಕೆಲಸ ಯಾವುದು, ಹೊತ್ತು ಎಷ್ಟು, ತಪ್ಪಿದರೆ ಏನು, ಪ್ರತಿಯಾಗಿ ಏನು ಎಂಬುದು ಎಲ್ಲವೂ ಅದರಲ್ಲಿದೆ. ಅದಕ್ಕಿಂತ ಮುಖ್ಯವಾಗಿ ಮಂಜುಳಾ ಅವರ ಗಡುವು ರವಿಗೆ ಗೊತ್ತಿದೆ ಎಂಬುದು ಅವರಿಗೆ ತಿಳಿಯಿತು. ಅಕೌಂಟ್ಸ್ ವಿಭಾಗದಲ್ಲಿ ಇದು ಕಷ್ಟವಲ್ಲ, ಇಲ್ಲಿ ಎಲ್ಲರ ಗಡುವೂ ತಾರೀಖಿಗೆ ಕಟ್ಟಿರುತ್ತದೆ. 7ಕ್ಕೆ ಟಿಡಿಎಸ್ ಕಟ್ಟುವುದು, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಯಾರ ಕುತ್ತಿಗೆಗೆ ಯಾವ ದಿನ ಬರುತ್ತದೆಂದು ನೋಡಿಕೊಂಡು ಕೇಳಿದರೆ ಅರ್ಧ ಕೆಲಸ ಆದಂತೆ. 14ರಂದು ಮಂಜುಳಾ ಅವರನ್ನು ಕೇಳುವುದೇ ತಪ್ಪು, 10ರಂದು ಕೇಳಬಹುದು.

ಪ್ರತಿಯಾಗಿ ಏನು ಕೊಡಬಹುದು

ಈ ಮಾತಿಗೆ ಮಂಜುಳಾ ಒಪ್ಪಬಹುದು, ಆದರೆ ರವಿ ಕೊಟ್ಟ ಪ್ರತಿಫಲ ಅವರಿಗೆ ಬೇಡವಾಗಬಹುದು. “ಸಂಬಳದ ಪಟ್ಟಿ ನಿನಗೆ ತೋರಿಸೋ ಹಾಗಿಲ್ಲಪ್ಪ” ಎಂದರೆ ಅದು ನ್ಯಾಯವಾದ ಮಾತು. ಯಾರಿಗೆ ಎಷ್ಟು ಸಂಬಳ ಎಂಬುದು ಎಲ್ಲರ ಕಣ್ಣಿಗೆ ಬೀಳಬಾರದು, ಮಾಲೀಕರೂ ಒಪ್ಪುವುದಿಲ್ಲ. ಕೊಡುವುದನ್ನು ನಾವೇ ತೀರ್ಮಾನಿಸಿ ಅವರ ಮುಂದಿಡುವುದರ ಕಷ್ಟ ಇದು. ಆಗ ಬೇಸರಪಡದೆ “ಹಾಗಾದ್ರೆ 13ಕ್ಕೆ ನಿಮ್ಮ ಯಾವ ಕೆಲಸ ನಾನು ತಗೋಬಹುದು?” ಎಂದು ಕೇಳಿಬಿಡಿ. ಅವರ ತಲೆನೋವು ಯಾವುದೆಂದು ಅವರಿಗೇ ಚೆನ್ನಾಗಿ ಗೊತ್ತು. ಪೆಟ್ಟಿ ಕ್ಯಾಶ್ ವೋಚರುಗಳನ್ನು ಜೋಡಿಸಿ ಪುಸ್ತಕಕ್ಕೆ ಏರಿಸುವುದು ಇರಬಹುದು. 13ರ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಬರುವುದು ಇರಬಹುದು. ಅಥವಾ ಅವರು ಪಿಎಫ್ ಫೈಲಿನಲ್ಲಿ ಮುಳುಗಿರುವ ಆ ಎರಡು ಗಂಟೆ ಅವರ ಫೋನು, ಬಂದುಹೋಗುವವರನ್ನು ನೋಡಿಕೊಳ್ಳುವುದೇ ದೊಡ್ಡ ಸಹಾಯವಾಗಬಹುದು. ಅಡ್ಡಿಯಿಲ್ಲದ ಎರಡು ಗಂಟೆಗೆ ಕಚೇರಿಯಲ್ಲಿ ಬಹಳ ಬೆಲೆಯಿದೆ.

ಒಳ್ಳೆಯ ಪ್ರತಿಫಲಕ್ಕೆ ಮೂರು ಲಕ್ಷಣ ಎಂದು ನಾನು ತಿಳಿದಿದ್ದೇನೆ: ಅದಕ್ಕೆ ತಾರೀಖು ಇರಬೇಕು, ಪಡೆದ ಹೊತ್ತಿಗೆ ಹತ್ತಿರವಾದ ಹೊತ್ತು ಇರಬೇಕು, ಕೊಡುವುದು ನಿಮ್ಮ ಕೈಯಲ್ಲೇ ಇರಬೇಕು. “ಯಾವತ್ತಾದ್ರೂ ಬೇಕಾದ್ರೆ ಹೇಳಿ ಮೇಡಂ” ಎಂಬುದಕ್ಕೆ ತಾರೀಖಿಲ್ಲ, ಅದು ಯಾವತ್ತೂ ಬರುವುದಿಲ್ಲ. “ನಿಮಗೆ ಒಂದು ದಿನ ರಜೆ ಕೊಡಿಸ್ತೀನಿ” ಎನ್ನುವುದು ಕೊಡಲಾಗದ್ದನ್ನು ಕೊಟ್ಟಂತೆ, ರಜೆ ಕೊಡುವವರು ಮಾಲೀಕರು. ಹಣ ಕೊಡಲು ಹೋಗಬೇಡಿ, ಜೊತೆಯಲ್ಲಿ ಕೆಲಸ ಮಾಡುವವರ ನಡುವೆ ಅದು ಸಂಬಂಧವನ್ನು ಕೂಲಿಯಾಗಿ ಮಾಡುತ್ತದೆ. ಕಾಫಿ, ತಿಂಡಿ ತರಿಸುವುದು ಮರ್ಯಾದೆ. ತರಿಸಲೇಬೇಕು, ಆದರೆ ಅದನ್ನು ಪ್ರತಿಫಲದ ಲೆಕ್ಕಕ್ಕೆ ಹಿಡಿಯಬಾರದು.

ಸಂಜೆ ತಡವಾಗಿ ಉಳಿಸಿಕೊಳ್ಳುವ ಪ್ರಶ್ನೆ ಬಂದರೆ ಎಚ್ಚರ. ಮನೆ ತಲುಪುವ ಬಸ್ಸು, ಶಾಲೆಯಿಂದ ಬರುವ ಮಕ್ಕಳು, ಮನೆಯಲ್ಲಿರುವ ವಯಸ್ಸಾದವರು, ಇವೆಲ್ಲ ಅವರು ಬಾಯಿಬಿಟ್ಟು ಹೇಳದ ಲೆಕ್ಕಗಳು. ಮಂಜುಳಾ ಇವತ್ತು 4ರಿಂದ 5ರವರೆಗೆ ಒಂದು ಗಂಟೆ, ನಾಳೆ ಬೆಳಿಗ್ಗೆ ಒಂಬತ್ತೂವರೆಯಿಂದ ಮುಕ್ಕಾಲು ಗಂಟೆ ಎಂದರೆ ಅದೇ ಸರಿಯಾದ ಏರ್ಪಾಡು. ಮಾತು ಮುಗಿದ ಮೇಲೆ ಅದನ್ನು ಒಂದು ಸಣ್ಣ ಸಂದೇಶವಾಗಿ ಕಳಿಸಿ: “25 ಬಿಲ್, ನಾಳೆ 10.15ರೊಳಗೆ. 13ಕ್ಕೆ ಪೆಟ್ಟಿ ಕ್ಯಾಶ್ ನನ್ನದು.” ಮಾಲೀಕರಿಗೂ ಒಂದು ಮಾತು ತಿಳಿಸಿರಬೇಕು. ಮಂಜುಳಾ ಅವರ ಸಮಯ ರವಿಯದೂ ಅಲ್ಲ, ಪೂರ್ತಿಯಾಗಿ ಮಂಜುಳಾ ಅವರದೂ ಅಲ್ಲ.

ಕೈಗೆ ಕೊಡುವಾಗ

ಒಪ್ಪಿದವರ ಕೈಗೆ ಕಟ್ಟು ಬಿಸಾಕಿ ಬರುವವರಿದ್ದಾರೆ. ಹಾಗೆ ಮಾಡಿದರೆ ಉಳಿಸಿದ ಹೊತ್ತೆಲ್ಲ ತಿದ್ದುಪಡಿಯಲ್ಲಿ ಹೋಗುತ್ತದೆ. ಬಿಲ್ಲುಗಳನ್ನು ನಂಬರಿನ ಕ್ರಮದಲ್ಲಿ ಜೋಡಿಸಿ ಕೊಡಿ. ಎಕ್ಸೆಲ್ ಹಾಳೆಯ ಮೇಲಿನ ಸಾಲುಗಳಲ್ಲಿ ಎರಡು ಬಿಲ್ ನೀವೇ ತುಂಬಿಸಿ ತೋರಿಸಿ, ನೂರು ಮಾತಿನ ಸೂಚನೆಗಿಂತ ಅದು ಮೇಲು. ಹೊಸೂರಿನವರ ಜಿಎಸ್‌ಟಿಐಎನ್ ಮೊದಲೇ ಹಾಕಿಡಿ. 15 ಅಕ್ಷರದ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು, ತಮಿಳುನಾಡಿಗೆ 33, ಕರ್ನಾಟಕಕ್ಕೆ 29. ನಮ್ಮದೇ ಸಂಖ್ಯೆಯನ್ನು ಅಲ್ಲಿ ಅಂಟಿಸಿಬಿಡುವುದು ಆಗಾಗ ನಡೆಯುವ ತಪ್ಪು, ಮೊದಲೆರಡು ಅಂಕಿ ನೋಡಿದರೆ ತಿಳಿದುಬಿಡುತ್ತದೆ.

ಎಕ್ಸೆಲ್‌ಗೆ ತನ್ನದೇ ಕೆಲವು ಅಭ್ಯಾಸಗಳಿವೆ. 0147 ಎಂದು ಹೊಡೆದರೆ ಮುಂದಿನ ಸೊನ್ನೆ ನುಂಗಿ 147 ಮಾಡುತ್ತದೆ. ಬಿಲ್ಲಿನ ಮೇಲೆ ಅಚ್ಚಾದ ನಂಬರು ಹಾಗೇ ಬರದಿದ್ದರೆ ಹೊಸೂರಿನವರ ಪುಸ್ತಕಕ್ಕೂ 2ಬಿ ಪಟ್ಟಿಗೂ ತಾಳೆಯಾಗದೆ ಫೋನು ಬರುತ್ತದೆ. ತಾರೀಖಿನಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗುವುದೂ ಉಂಟು. ಆ ಎರಡು ಕಾಲಂಗಳನ್ನು ಮುಂಚೆಯೇ ಸರಿಪಡಿಸಿ ಕೊಟ್ಟರೆ ಮಂಜುಳಾ ಅವರು ಈ ಗೊಡವೆಗೇ ಹೋಗಬೇಕಿಲ್ಲ.

ಇನ್ನೊಂದು ಮಾತು ಹೇಳಿಡಿ: “ಅನುಮಾನ ಬಂದ ಬಿಲ್ ಪಕ್ಕಕ್ಕಿಡಿ ಮೇಡಂ, ನಿಲ್ಲಬೇಡಿ, ಆಮೇಲೆ ನಾನು ನೋಡ್ತೀನಿ.” ಮಾಲು ಇಳಿಸಿದ ವಿಳಾಸ ಬೇರೆ ಇರುವ ಬಿಲ್, ಅಂಕಿ ತಿದ್ದಿದ ಬಿಲ್, ಇಂಥವು ಒಂದೆರಡು ಇದ್ದೇ ಇರುತ್ತವೆ. ಅವುಗಳ ಯೋಚನೆ ಸಹಾಯಕ್ಕೆ ಬಂದವರ ತಲೆಗೆ ಹೋಗಬಾರದು.

ಬಿಲ್ಲುಗಳನ್ನು ಕೊಡುವ ಮುಂಚೆಯೇ 25ರ ಮಾಲಿನ ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿ ಬರೆದಿಟ್ಟುಕೊಳ್ಳಿ. ಹಾಳೆ ವಾಪಸು ಬಂದಾಗ ಮೊತ್ತ 6,00,000 ಬಂದರೆ ಒಂದೊಂದನ್ನೂ ಮತ್ತೆ ನೋಡುತ್ತಾ ಕೂರುವುದು ತಪ್ಪುತ್ತದೆ. ಬರದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಸರಿಯಾಗಿ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು. 54,870 ಬದಲು 58,470 ಹೊಡೆದರೆ ವ್ಯತ್ಯಾಸ 3,600, ಅದು 9ರ ನಾನೂರು ಪಟ್ಟು. ಹಳೆಯ ಗುಮಾಸ್ತರು ಕೈಬರಹದ ಲೆಡ್ಜರಿನ ಕಾಲದಿಂದ ಬಳಸಿಕೊಂಡು ಬಂದ ಉಪಾಯ ಇದು, ಎಕ್ಸೆಲ್ ಕಾಲದಲ್ಲೂ ಹಾಗೇ ಕೆಲಸ ಮಾಡುತ್ತದೆ. ವ್ಯತ್ಯಾಸ ಯಾವುದೋ ಒಂದು ಬಿಲ್ಲಿನ ಮೊತ್ತಕ್ಕೇ ಸಮನಾಗಿದ್ದರೆ ಆ ಬಿಲ್ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ.

‘ಆಗಲ್ಲ’ ಎಂದರೆ

ಒಪ್ಪದಿರುವ ಹಕ್ಕು ಮಂಜುಳಾ ಅವರಿಗಿದೆ. “ಇವತ್ತು ಆಗಲ್ಲ ರವಿ” ಎಂದರೆ ಕಾರಣ ಕೆದಕಬಾರದು, ಎರಡನೇ ಸಲ ಒತ್ತಾಯಿಸಬಾರದು. “ಪರವಾಗಿಲ್ಲ ಮೇಡಂ, ಕೇಳಿದ್ದು ಒಳ್ಳೇದಾಯ್ತು” ಎಂದು ಎದ್ದು ಬರಬೇಕು. ಒಂದು ಚಿಕ್ಕ ಕೋರಿಕೆ ಮಾತ್ರ ಇಡಬಹುದು: ತಾನೇ ಎಂಟ್ರಿ ಮಾಡಿದ ಮೇಲೆ ಕೊನೆಯಲ್ಲಿ ಹತ್ತು ನಿಮಿಷ ಮೊತ್ತ ಓದಿ ಹೇಳುವಿರಾ ಎಂದು. ಬೇರೆ ಕಣ್ಣು ಬಿದ್ದರೆ ತಪ್ಪು ಸಿಗುತ್ತದೆ. ಅವರನ್ನು ದಾಟಿ ಮಾಲೀಕರ ಹತ್ತಿರ ಹೋಗಿ “ಮೇಡಂಗೆ ಹೇಳಿ ಸರ್” ಎನ್ನುವುದು ಒಂದು ದಿನದ ಕೆಲಸಕ್ಕಾಗಿ ವರ್ಷಗಳ ನಂಬಿಕೆ ಕಳೆದುಕೊಳ್ಳುವ ದಾರಿ.

ಆಗ ಉಳಿಯುವುದು ಕೆಲಸವನ್ನೇ ಮೊಟಕು ಮಾಡುವುದು. ಜಿಎಸ್‌ಟಿ ನೋಂದಣಿ ಇರುವವರ ಬಿಲ್ಲುಗಳನ್ನು ಮೊದಲು ಹಾಕಿ, ಅವುಗಳಲ್ಲೂ ತೆರಿಗೆ ಮೊತ್ತ ದೊಡ್ಡದಿರುವ ಹೊಸೂರಿನ ಕಟ್ಟು ಎಲ್ಲಕ್ಕಿಂತ ಮೊದಲು. ನೋಂದಣಿ ಇಲ್ಲದವರ ಸಣ್ಣ ಬಿಲ್ಲುಗಳು ಉಳಿದರೆ, 2024ರಲ್ಲಿ ಬಂದ ಜಿಎಸ್‌ಟಿಆರ್-1ಎ ಎಂಬ ನಮೂನೆಯಲ್ಲಿ 3ಬಿ ಸಲ್ಲಿಸುವ ಮೊದಲು ಅವನ್ನು ಸೇರಿಸಬಹುದು. ಆ ದಾರಿಯಲ್ಲಿ ಸೇರಿಸಿದ ಬಿಲ್ ಖರೀದಿದಾರರಿಗೆ ಮುಂದಿನ ತಿಂಗಳ ಪಟ್ಟಿಯಲ್ಲೇ ಕಾಣುವುದರಿಂದ ಹೊಸೂರಿನವರ ಬಿಲ್ಲಿಗೆ ಇದರಿಂದ ಉಪಯೋಗವಿಲ್ಲ. ಒಮ್ಮೆ ಸಲ್ಲಿಸಿದ ಜಿಎಸ್‌ಟಿಆರ್-1 ಅನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬುದು ನೆನಪಿರಲಿ, ಅರ್ಧ ಮಾಡಿ ಸಲ್ಲಿಸುವ ತೀರ್ಮಾನ ಮಾಲೀಕರದ್ದಾಗಬೇಕು. ಅವರಿಗೆ ಇವತ್ತು 4 ಗಂಟೆಗೇ ತಿಳಿಸಿದರೆ ತೆರಿಗೆ ಸಲಹೆಗಾರರ ಕಚೇರಿಯಿಂದ ಯಾರನ್ನಾದರೂ ಕರೆಸಲು ಹೊತ್ತಿರುತ್ತದೆ. ನಾಳೆ 12ಕ್ಕೆ ತಿಳಿಸಿದರೆ ಇರುವುದಿಲ್ಲ. ಏನೇ ಮಾಡಿದರೂ ಯಾವ ಬಿಲ್ಲಾದರೂ ತಪ್ಪಿದ್ದರೆ ಖರೀದಿದಾರರಿಗೆ ನಾವೇ ಮೊದಲು ಫೋನು ಮಾಡಿ ಹೇಳಬೇಕು. 14ರಂದು ಅವರೇ ಕಂಡುಹಿಡಿಯುವ ಹಾಗೆ ಬಿಡಬಾರದು.

ಮುಗಿದ ಮೇಲೆ

ಸಲ್ಲಿಸಿ ಆಯಿತು ಎಂಬುದನ್ನು ಮಂಜುಳಾ ಅವರಿಗೆ ಆಗಲೇ ಹೇಳಿ. ಸಹಾಯ ಮಾಡಿದವರಿಗೆ ಕೆಲಸ ಮುಟ್ಟಿತೇ ಎಂದು ತಿಳಿಯದೇ ಹೋಗುವುದು ಎಷ್ಟೋ ಕಚೇರಿಗಳಲ್ಲಿ ನಡೆಯುತ್ತದೆ. ಮಾಲೀಕರು “ಆಯ್ತಾ?” ಎಂದು ಕೇಳಿದಾಗ “ಆಯ್ತು ಸರ್, ಹೊಸೂರಿನದು ಮಂಜುಳಾ ಮೇಡಂ ಮಾಡಿಕೊಟ್ರು” ಎನ್ನಿ. ಒಂದು ವೇಳೆ ಆ 25ರಲ್ಲಿ ತಪ್ಪು ಸಿಕ್ಕರೆ ಅದು ರವಿಯ ತಪ್ಪು, ಪರಿಶೀಲಿಸಿ ಸಲ್ಲಿಸಿದವನು ಅವನು. ಮೆಚ್ಚುಗೆ ಅವರಿಗೆ, ಹೊಣೆ ನಮಗೆ ಎಂಬ ಲೆಕ್ಕ ಇಲ್ಲಿ ತಪ್ಪಬಾರದು.

13ರ ಬೆಳಿಗ್ಗೆ ಅವರು ನೆನಪಿಸುವವರೆಗೆ ಕಾಯದೆ ಅವರ ಮೇಜಿಗೆ ಹೋಗಿ. ನಿಮಗೆ ಅಂದು ಬೇರೆ ಕೆಲಸ ಬಂದಿದ್ದರೂ ಹೋಗಿ. ಅವರು ಸುಮ್ಮನೆ “ಬಿಡಪ್ಪ, ಪರವಾಗಿಲ್ಲ” ಎನ್ನಬಹುದು. ಆ ಮಾತನ್ನು ಹಿಡಿದು ವಾಪಸು ಬರಬೇಡಿ, ವೋಚರುಗಳ ಡಬ್ಬಿ ಕೇಳಿ ತೆಗೆದುಕೊಳ್ಳಿ. ಅವರ ಗಡುವು 15, ನಿಮ್ಮ ಎರಡು ಗಂಟೆ ಅವರಿಗೆ ಬೇಕಾಗಿರುವುದು ಅಂದೇ. 16ರಂದು ಕೊಟ್ಟ ಎರಡು ಗಂಟೆಗೆ ಬೆಲೆಯಿಲ್ಲ.

ಮುಂದಿನ ತಿಂಗಳ 10ಕ್ಕೆ ಮತ್ತೆ ಇದೇ ಸ್ಥಿತಿ ಬಂದರೆ ಅದನ್ನು ಸಹಾಯ ಎಂದು ಕೇಳುವುದು ಸರಿಯಲ್ಲ. ಎರಡನೇ ಶೆಡ್ಡಿನ ಬಿಲ್ಲುಗಳು ತಿಂಗಳು ಮುಗಿದು ಹತ್ತು ದಿನವಾದ ಮೇಲೆ ಬರುತ್ತಿರುವುದೇ ಇಲ್ಲಿನ ರೋಗ. ಅದನ್ನು ಮಂಜುಳಾ ಅವರ ಒಳ್ಳೆಯತನದಿಂದ ವಾಸಿ ಮಾಡಲಾಗುವುದಿಲ್ಲ. ಪ್ರತಿ ಶನಿವಾರ ಆ ವಾರದ ಬಿಲ್ಲುಗಳು ಅಕೌಂಟ್ಸ್‌ಗೆ ತಲುಪಬೇಕು ಎಂದು ಮಾಲೀಕರಿಂದಲೇ ಹೇಳಿಸಿ, 5ನೇ ತಾರೀಖು ಬಾಕಿ ಎಷ್ಟೆಂದು ಒಮ್ಮೆ ಎಣಿಸಿ. ಕಡಿಮೆ ಬೀಳುವುದು ಅಂದೇ ಗೊತ್ತಾದರೆ ಅಂದೇ ಕೇಳಿ. ಐದು ದಿನ ಮುಂಚೆ ಕೇಳಿದವರಿಗೆ ಯಾರಾದರೂ ಒಂದೂಮುಕ್ಕಾಲು ಗಂಟೆ ಹೊಂದಿಸಿ ಕೊಡುತ್ತಾರೆ.